ಚಿನ್ನವಿತ್ತು, ಎಫ್‌ಡಿ ಇತ್ತು, ವಿಮೆಯೂ ಇತ್ತು: ಭಾನುವಾರ ರಾತ್ರಿ ನಾನು ಕಲಿತ ಲೆಕ್ಕ

ಹುಬ್ಬಳ್ಳಿಯ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನಾನು ಬೇರೆಯವರ ಹಣದ ಲೆಕ್ಕವನ್ನು ಹದಿನಾರು ವರ್ಷಗಳಿಂದ ಬರೆಯುತ್ತಿದ್ದೇನೆ. ನನ್ನ ಮನೆಯ ಲೆಕ್ಕದಲ್ಲಿದ್ದ ತಪ್ಪು ಮಾತ್ರ ಒಂದು ಭಾನುವಾರ ರಾತ್ರಿ ಒಂಬತ್ತೂವರೆಗೆ ಅಪ್ಪ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗಲೇ ಗೊತ್ತಾಯಿತು. ಆಸ್ಪತ್ರೆಯವರು ದಾಖಲಾತಿಗೆ 40,000 ರೂಪಾಯಿ ಮುಂಗಡ ಕೇಳಿದರು. ನನ್ನ ಉಳಿತಾಯ ಖಾತೆಯಲ್ಲಿದ್ದದ್ದು 12,000. ಆ ರಾತ್ರಿಯವರೆಗೆ ನಾನು ನಿಜವೆಂದು ನಂಬಿದ್ದ ಮಾತುಗಳನ್ನು ಒಂದೊಂದಾಗಿ ಇಲ್ಲಿ ಇಡುತ್ತೇನೆ.

ನಂಬಿಕೆ: ಆರೋಗ್ಯ ವಿಮೆ ಇದ್ದರೆ ಕೈಯಲ್ಲಿ ಹಣ ಬೇಕಿಲ್ಲ.

ವಾಸ್ತವ: ನಗದುರಹಿತ ಚಿಕಿತ್ಸೆಗೆ ವಿಮಾ ಕಂಪನಿಯ ಒಪ್ಪಿಗೆ ಬರುವವರೆಗೆ ಆಸ್ಪತ್ರೆ ಮುಂಗಡ ಕೇಳಬಹುದು, ನಮಗೆ ಕೇಳಿತು. ಒಪ್ಪಿಗೆ ಸೋಮವಾರ ಮಧ್ಯಾಹ್ನ ಬಂತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಬಿಡುಗಡೆಯ ದಿನ. ಒಟ್ಟು ಬಿಲ್ 2,10,000 ರೂಪಾಯಿ ಆಗಿತ್ತು. ಕೈಗವಸು, ಸಿರಿಂಜು, ದಾಖಲಾತಿ ಶುಲ್ಕ ಮುಂತಾದ, ನಮ್ಮ ಪಾಲಿಸಿಗೆ ಸೇರದ 11,400 ರೂಪಾಯಿಯನ್ನು ಮೊದಲು ಕಳೆದರು. ಉಳಿದ 1,98,600ರಲ್ಲಿ, ತಂದೆತಾಯಿಗೆ ಶೇಕಡಾ 20 ಸಹಪಾವತಿ ಎಂದು ನನ್ನ ಕಚೇರಿಯ ಗುಂಪು ಪಾಲಿಸಿಯಲ್ಲಿ ಬರೆದಿದ್ದರಿಂದ, 39,720 ರೂಪಾಯಿ ನನ್ನ ಪಾಲಿಗೆ ಬಂತು. ವಿಮೆ ಇದ್ದೂ ನಾನು ಕೊಟ್ಟದ್ದು 51,120 ರೂಪಾಯಿ. ಆ ಷರತ್ತು ಪಾಲಿಸಿಯ ಎರಡನೇ ಪುಟದಲ್ಲೇ ಇತ್ತು. ನಿಮ್ಮ ಪಾಲಿಸಿಯಲ್ಲಿ ಸಹಪಾವತಿ ಎಷ್ಟು, ಕೋಣೆ ಬಾಡಿಗೆಗೆ ಮಿತಿ ಎಷ್ಟು ಎಂಬ ಎರಡನ್ನು ಇಂದೇ ನೋಡಿಕೊಳ್ಳಿ. ಮಿತಿ ಮೀರಿದ ಕೋಣೆ ತೆಗೆದುಕೊಂಡರೆ ಎಷ್ಟೋ ಪಾಲಿಸಿಗಳಲ್ಲಿ ಕೋಣೆಯ ಬಾಡಿಗೆಯ ಜೊತೆಗೆ ಬಿಲ್ಲಿನ ಇತರ ವೆಚ್ಚಗಳಿಗೂ ಅದೇ ಪ್ರಮಾಣದಲ್ಲಿ ಕತ್ತರಿ ಬೀಳುತ್ತದೆ.

ನಂಬಿಕೆ: ಮನೆಯಲ್ಲಿ ಚಿನ್ನವಿದೆಯಲ್ಲ.

ವಾಸ್ತವ: ಚಿನ್ನ ಬ್ಯಾಂಕಿನ ಲಾಕರಿನಲ್ಲಿತ್ತು, ಬ್ಯಾಂಕು ಮುಚ್ಚಿತ್ತು. ಮರುದಿನ ಹೋದರೂ ಶುದ್ಧತೆ ಪರೀಕ್ಷಿಸಿ, ಹರಳಿನ ತೂಕ ಕಳೆದು, ಬೆಲೆಯ ಒಂದು ಪಾಲಿಗೆ ಮಾತ್ರ ಸಾಲ ಕೊಡುತ್ತಾರೆ. ಚಿನ್ನದ ಸಾಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದು ಎರಡನೇ ದಿನದ ದಾರಿ, ಮೊದಲ ರಾತ್ರಿಯದಲ್ಲ.

ನಂಬಿಕೆ: ಎಫ್‌ಡಿ ಯಾವಾಗ ಬೇಕಾದರೂ ಕೈಗೆ ಸಿಗುತ್ತದೆ.

ವಾಸ್ತವ: ನನ್ನ ಬಳಿ ಎರಡು ಎಫ್‌ಡಿ ಇದ್ದವು, ಎರಡೂ ಆ ರಾತ್ರಿ ಕೈಗೆ ಬರಲಿಲ್ಲ. ಮೊದಲನೆಯದು ತೆರಿಗೆ ಉಳಿತಾಯದ ಐದು ವರ್ಷದ ಎಫ್‌ಡಿ. ಅದನ್ನು ಅವಧಿಗೆ ಮುನ್ನ ಮುರಿಯಲು ನಿಯಮವೇ ಬಿಡುವುದಿಲ್ಲ. ಎರಡನೆಯದು 75,000 ರೂಪಾಯಿಯದು, ನನ್ನ ಮತ್ತು ಹೆಂಡತಿಯ ಜೋಡಿ ಹೆಸರಿನಲ್ಲಿ ‘ಐದರ್ ಆರ್ ಸರ್ವೈವರ್’ ಎಂದು ಇಟ್ಟದ್ದು. ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು ಎಂದೇ ನಾನು ತಿಳಿದಿದ್ದೆ. ಸೋಮವಾರ ಬೆಳಿಗ್ಗೆ ಬ್ಯಾಂಕಿನ ಅಧಿಕಾರಿ ರಸೀದಿಯನ್ನು ತಿರುವಿ ನೋಡಿ, “ಸರ್, ಅವಧಿ ಮುಗಿದಿದ್ದರೆ ನಿಮ್ಮೊಬ್ಬರ ಸಹಿ ಸಾಕಿತ್ತು. ಮುಂಚೆ ಮುರಿಯಬೇಕೆಂದರೆ ಮೇಡಂ ಅವರ ಸಹಿಯೂ ಬೇಕು” ಎಂದರು. ಹೆಂಡತಿ ಮಕ್ಕಳೊಂದಿಗೆ ಶಿರಸಿಯ ತವರಿನಲ್ಲಿದ್ದಳು. ಅದೇ ಅಧಿಕಾರಿ ಇನ್ನೊಂದು ಮಾತನ್ನೂ ತಿಳಿಸಿದರು: ಇಬ್ಬರಲ್ಲಿ ಒಬ್ಬರು ತೀರಿಕೊಂಡಾಗ ಉಳಿದವರು ಅವಧಿಗೆ ಮುನ್ನ ಹಣ ತೆಗೆಯಬೇಕಾದರೆ, ಹಾಗೆ ತೆಗೆಯಲು ಇಬ್ಬರೂ ಮೊದಲೇ ಲಿಖಿತ ಸಮ್ಮತಿ ಕೊಟ್ಟಿರಬೇಕು, ಇಲ್ಲವಾದರೆ ತೀರಿಕೊಂಡವರ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಈ ಸಮ್ಮತಿಯನ್ನು ಈಗಿರುವ ಠೇವಣಿಗೂ ಬರೆದುಕೊಡಬಹುದು. ಮನೆಯಲ್ಲಿ ಜೋಡಿ ಎಫ್‌ಡಿ ಇರುವವರೆಲ್ಲರೂ ಇದನ್ನು ಕೇಳಿ ತಿಳಿದುಕೊಳ್ಳಬೇಕೆಂದು ನನಗೆ ತುಂಬಾ ಅನಿಸುತ್ತದೆ.

ಹಾಗಾದರೆ ಆ ರಾತ್ರಿ ಏನು ಮಾಡಿದೆ? ಆಸ್ಪತ್ರೆಯ ಕಾರ್ಡ್ ಯಂತ್ರ ಕೆಲಸ ಮಾಡುತ್ತಿರಲಿಲ್ಲ, ಆದ್ದರಿಂದ ಎದುರಿನ ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ 30,000 ರೂಪಾಯಿ ನಗದು ತೆಗೆದೆ. ಅಂಗಡಿಯಲ್ಲಿ ಕಾರ್ಡ್ ಉಜ್ಜಿದರೆ ಸಿಗುವ ಬಡ್ಡಿರಹಿತ ದಿನಗಳು ನಗದಿಗೆ ಸಿಗುವುದಿಲ್ಲ; ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ನನ್ನ ಕಾರ್ಡಿನಲ್ಲಿ ಶೇಕಡಾ 2.5ರ ಶುಲ್ಕ 750 ರೂಪಾಯಿ, ತಿಂಗಳಿಗೆ ಶೇಕಡಾ 3.5ರಂತೆ 24 ದಿನದ ಬಡ್ಡಿ ಸುಮಾರು 828, ಎರಡಕ್ಕೂ ಜಿಎಸ್‌ಟಿ ಸೇರಿ ಒಟ್ಟು ಸುಮಾರು 1,860 ರೂಪಾಯಿ ಹೋಯಿತು.

ನಂಬಿಕೆ: ಆರು ತಿಂಗಳ ಸಂಬಳದಷ್ಟು ಕೂಡಿಡಬೇಕು, ಅದು ನಮ್ಮಂಥವರಿಗೆ ಆಗದ ಮಾತು.

ವಾಸ್ತವ: ಅಳತೆ ಸಂಬಳವಲ್ಲ, ತಪ್ಪಿಸಲಾಗದ ಖರ್ಚು. ನನ್ನ ಸಂಬಳ 42,000. ಮೂರು ತಿಂಗಳ ಬ್ಯಾಂಕ್ ವಿವರ ಮುಂದಿಟ್ಟುಕೊಂಡು ಬಾಡಿಗೆ, ದಿನಸಿ, ಬೈಕಿನ ಕಂತು, ಅಪ್ಪ ಅಮ್ಮನ ಔಷಧ, ಗ್ಯಾಸು, ಕರೆಂಟು, ಪೆಟ್ರೋಲು ಬರೆದೆ. ವರ್ಷಕ್ಕೊಮ್ಮೆ ಕಟ್ಟುವ ಶಾಲಾ ಶುಲ್ಕ ಮತ್ತು ವಿಮಾ ಕಂತನ್ನು ಹನ್ನೆರಡರಿಂದ ಭಾಗಿಸಿ ಸೇರಿಸಿದೆ. ಇವೆರಡನ್ನೇ ಹೆಚ್ಚಿನವರು ಮರೆಯುತ್ತಾರೆ. ಬಂದದ್ದು 32,300. ಆರು ತಿಂಗಳಿಗೆ 1,93,800, ಅಂದರೆ ಸಂಬಳದ ಲೆಕ್ಕಕ್ಕಿಂತ 58,200 ಕಡಿಮೆ. ನನ್ನ ಗುರಿಯನ್ನು 1,95,000 ಎಂದು ಇಟ್ಟುಕೊಂಡೆ. ಇಬ್ಬರೂ ಹೋಗಿ ಸಹಿ ಹಾಕಿ ಹಳೆಯ ಜೋಡಿ ಎಫ್‌ಡಿ ಮುರಿದಾಗ 75,000 ಬಂತು. ಉಳಿದ 1,20,000ಕ್ಕೆ, ಸಂಬಳ ಬಂದ ಮರುದಿನವೇ 6,000 ರೂಪಾಯಿ ಬೇರೆ ಖಾತೆಗೆ ಹೋಗುವಂತೆ ಮಾಡಿದ್ದರಿಂದ, ಇಪ್ಪತ್ತು ತಿಂಗಳು ಸಾಕಾಯಿತು.

ಈಗ ಆ ಹಣ ಹೀಗಿದೆ. 35,000 ರೂಪಾಯಿ ಪ್ರತ್ಯೇಕ ಉಳಿತಾಯ ಖಾತೆಯಲ್ಲಿದೆ. ಅದನ್ನು ಫೋನ್‌ನ ಯುಪಿಐಗೆ ಜೋಡಿಸಿಲ್ಲ, ಡೆಬಿಟ್ ಕಾರ್ಡ್ ಮಾತ್ರ ಮನೆಯ ಕಪಾಟಿನಲ್ಲಿದೆ, ಎಟಿಎಂನ ದಿನದ ಮಿತಿಯನ್ನು ವಿಚಾರಿಸಿ ಇಟ್ಟುಕೊಂಡಿದ್ದೇನೆ. ಉಳಿದ 1,60,000 ರೂಪಾಯಿ ತಲಾ 40,000ದ ನಾಲ್ಕು ಎಫ್‌ಡಿಗಳಲ್ಲಿದೆ. ಎರಡು ನನ್ನೊಬ್ಬನ ಹೆಸರಿನಲ್ಲಿ, ಎರಡು ಹೆಂಡತಿಯ ಹೆಸರಿನಲ್ಲಿ, ಪರಸ್ಪರ ನಾಮಿನಿಯಾಗಿ. ಒಂದೇ ದೊಡ್ಡ ಎಫ್‌ಡಿ ಇಟ್ಟಿದ್ದರೆ 20,000 ಬೇಕಾದಾಗಲೂ ಪೂರ್ತಿ ಮುರಿಯಬೇಕಾಗಬಹುದಿತ್ತು. ಇದನ್ನೆಲ್ಲ ಮಾಡುವ ಮುನ್ನ 5,000 ರೂಪಾಯಿಯ ಒಂದು ಸಣ್ಣ ಎಫ್‌ಡಿ ಇಟ್ಟು, ಬೇಕೆಂದೇ ಭಾನುವಾರ ರಾತ್ರಿ ಹತ್ತು ಗಂಟೆಗೆ ಬ್ಯಾಂಕಿನ ಆಪ್‌ನಲ್ಲಿ ಮುರಿದು ನೋಡಿದೆ. ಎರಡು ನಿಮಿಷದಲ್ಲಿ ಹಣ ಖಾತೆಗೆ ಬಂತು. ಎಲ್ಲ ಬ್ಯಾಂಕುಗಳಲ್ಲೂ ಹೀಗಾಗುವುದಿಲ್ಲವಾದ್ದರಿಂದ ಈ ಪರೀಕ್ಷೆಯನ್ನು ನೀವೂ ಮಾಡಲೇಬೇಕು. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ಇದೆ. ನಮ್ಮ ಮೊತ್ತ ಅದರೊಳಗೇ ಇದೆ.

ನಂಬಿಕೆ: ಎಫ್‌ಡಿ ಅರ್ಧದಲ್ಲಿ ಮುರಿದರೆ ನಷ್ಟ.

ವಾಸ್ತವ: ನಷ್ಟ ಎಷ್ಟೆಂದು ಬರೆದು ನೋಡಿದವರು ಕಡಿಮೆ. 40,000 ರೂಪಾಯಿಯನ್ನು ವರ್ಷಕ್ಕೆ ಶೇಕಡಾ 6.8ರಂತೆ ಇಟ್ಟು ಆರು ತಿಂಗಳಿಗೆ ಮುರಿದೆವೆನ್ನಿ. ಆರು ತಿಂಗಳ ಠೇವಣಿಗಿದ್ದ ದರ ಶೇಕಡಾ 5.75, ಅದರಿಂದ ದಂಡವಾಗಿ 1 ಕಳೆದರೆ 4.75. ಸಿಗುವ ಬಡ್ಡಿ 950 ರೂಪಾಯಿ. ಪೂರ್ತಿ ದರದಲ್ಲಿ ಸಿಗುತ್ತಿದ್ದದ್ದು 1,360. ಕಳೆದುಕೊಂಡದ್ದು 410. ಅದೇ ಹಣ ಶೇಕಡಾ 2.5ರ ಉಳಿತಾಯ ಖಾತೆಯಲ್ಲಿದ್ದಿದ್ದರೆ ಬರುತ್ತಿದ್ದದ್ದು 500 ಮಾತ್ರ. ಆ ರಾತ್ರಿ ಎಟಿಎಂ ಮುಂದೆ ನಾನು ತೆತ್ತದ್ದು 1,860.

ತೀರ್ಪು: ಎಫ್‌ಡಿ ಮುರಿಯಿರಿ, ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯಬೇಡಿ.