40 ಗ್ರಾಹಕರಲ್ಲಿ 3 ಜನ ಬಿಟ್ಟರೆ ಚರ್ನ್ ಎಷ್ಟು?

ಸಣ್ಣ ಅಂಗಡಿಗಳ ಬಿಲ್ಲು, ಸಾಲದ ಲೆಕ್ಕ ಇಡುವ ಒಂದು ಸಾಫ್ಟ್‌ವೇರನ್ನು ನಾನು ತಿಂಗಳ ಚಂದಾಕ್ಕೆ ಕೊಡುತ್ತೇನೆ. ಜೂನ್ 1ರಂದು 40 ಚಂದಾದಾರರಿದ್ದರು. ತಿಂಗಳ ಕೊನೆಗೆ ಅವರಲ್ಲಿ 3 ಜನ ಬಿಟ್ಟಿದ್ದರು. ಜುಲೈ ಶುರುವಿಗೆ 42 ಜನ ಇದ್ದರು, ಬಿಟ್ಟವರು ಒಬ್ಬರೇ. ಅಂದರೆ ಚರ್ನ್, ತಿಂಗಳ ಶುರುವಿಗೆ ಇದ್ದವರಲ್ಲಿ ಬಿಟ್ಟವರ ಪಾಲು, 7.5%ನಿಂದ 2.4%ಗೆ ಇಳಿಯಿತು. ಜೂನ್ ಕೊನೆಯಲ್ಲಿ ನಾವು ಆ್ಯಪ್‌ನಲ್ಲಿ ಒಂದು ಬದಲಾವಣೆ ಮಾಡಿದ್ದೆವು. ಅದರಿಂದಲೇ ಇಳಿಯಿತು ಅಂತ ಹೇಳಬಹುದಾ?

ಉತ್ತರಕ್ಕೆ ಮೊದಲು ಎಣಿಕೆಯ ವಿಷಯ. ತಿಂಗಳ ಮೊದಲ ದಿನ ಇದ್ದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ನಡುವೆ ಸೇರಿ ನಡುವೆಯೇ ಬಿಟ್ಟವರು ಭಾಗಾಕಾರದಲ್ಲಿ ಮೇಲೂ ಬರಲ್ಲ, ಕೆಳಗೂ ಬರಲ್ಲ. ವರ್ಷದ ಹಣ ಒಟ್ಟಿಗೆ ಕಟ್ಟಿದವರನ್ನೂ ಹೊರಗಿಡುತ್ತೇನೆ, ಏಕೆಂದರೆ ಅವರು ಈ ತಿಂಗಳು ಬಿಡುವ ಮಾತೇ ಇಲ್ಲ. ಮೂರು ಅಂಗಡಿ ಇರುವ ಮಾಲೀಕರನ್ನು ಒಬ್ಬರೆಂದೇ ಎಣಿಸುತ್ತೇನೆ. ಅವರು ಬಿಟ್ಟರೆ ಮೂರೂ ಒಟ್ಟಿಗೆ ಹೋಗುತ್ತವೆ. ಮುಂದಿನ ಲೆಕ್ಕವೆಲ್ಲ ಒಬ್ಬೊಬ್ಬರೂ ಬೇರೆ ಬೇರೆಯಾಗಿ ತೀರ್ಮಾನ ಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಇದೇನು ಸ್ಯಾಂಪಲ್ ಅಲ್ಲ, 40 ಜನರನ್ನೂ ಎಣಿಸಿದ್ದಾಯಿತು, 3 ಜನ ಬಿಟ್ಟದ್ದು ಖಚಿತ. ಹಾಗಿದ್ದರೆ ಕಾನ್ಫಿಡೆನ್ಸ್ ಇಂಟರ್ವಲ್ ಯಾಕೆ? ಜೂನ್‌ನಲ್ಲಿ ಏನಾಯಿತು ಎಂಬುದಕ್ಕೆ ಅದು ನಿಜಕ್ಕೂ ಬೇಡ. ಆದರೆ ನನಗೆ ಬೇಕಿರುವುದು ಈ ಸೇವೆಯನ್ನು ಒಬ್ಬ ಗ್ರಾಹಕ ಒಂದು ತಿಂಗಳಲ್ಲಿ ಬಿಡುವ ಸಾಧ್ಯತೆ ಎಷ್ಟು ಎಂಬುದು. ಆ ಸಾಧ್ಯತೆ 5% ಇದ್ದರೂ 40 ಜನರಲ್ಲಿ ಒಂದು ತಿಂಗಳು ಒಬ್ಬರು, ಇನ್ನೊಂದು ತಿಂಗಳು ನಾಲ್ವರು ಬಿಡಬಹುದು. ಹಿಂದಿರುವ ಸಾಧ್ಯತೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಇಂಟರ್ವಲ್ ಹೇಳುತ್ತದೆ.

ಪಾಠಪುಸ್ತಕದ ಸಾಮಾನ್ಯ ಸೂತ್ರ ಇಲ್ಲಿ ಕೈಕೊಡುತ್ತದೆ. p ಬಿಟ್ಟವರ ಪಾಲು, n ಒಟ್ಟು ಜನ ಎಂದಿಟ್ಟುಕೊಂಡು `p ± 1.96·√(p(1−p)/n)` ಹಾಕಿದರೆ ಜೂನ್‌ಗೆ −0.7%ನಿಂದ 15.7% ಬರುತ್ತದೆ. ಸೊನ್ನೆಗಿಂತ ಕಡಿಮೆ ಜನ ಬಿಡುವುದು ಹೇಗೆ? ಯಾರೂ ಬಿಡದ ತಿಂಗಳಲ್ಲಂತೂ ಇದೇ ಸೂತ್ರ 0%ನಿಂದ 0% ಎನ್ನುತ್ತದೆ, ಇನ್ನು ಯಾರೂ ಬಿಡುವುದೇ ಇಲ್ಲ ಎನ್ನುವ ಹಾಗೆ. ಅದಕ್ಕೆ ನಾನು ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ವಿಧಾನ ಬಳಸುತ್ತೇನೆ. ಪೈಥಾನ್‌ನಲ್ಲಿ ಎರಡೇ ಸಾಲು:

```python
from statsmodels.stats.proportion import proportion_confint
proportion_confint(3, 40, method="wilson")
```

`method` ಬರೆಯದೆ ಬಿಟ್ಟರೆ ಅದು ಮತ್ತೆ ಹಳೆಯ ಸೂತ್ರವನ್ನೇ ಹಿಡಿಯುತ್ತದೆ, ಗಮನವಿರಲಿ. ವಿಲ್ಸನ್ ಪ್ರಕಾರ 95% ಇಂಟರ್ವಲ್ ಜೂನ್‌ಗೆ 2.6%ನಿಂದ 19.9%, ಜುಲೈಗೆ 0.4%ನಿಂದ 12.3%. ಯಾರೂ ಬಿಡದ ತಿಂಗಳಿಗೆ ಇನ್ನೂ ಸುಲಭದ ಲೆಕ್ಕವಿದೆ. 3ನ್ನು ಜನರ ಸಂಖ್ಯೆಯಿಂದ ಭಾಗಿಸಿದರೆ ಮೇಲಿನ ಮಿತಿ ಸಿಗುತ್ತದೆ. 45 ಜನರಲ್ಲಿ ಯಾರೂ ಬಿಡದಿದ್ದರೂ ನಿಜವಾದ ಚರ್ನ್ ಸುಮಾರು 6.7%ವರೆಗೆ ಇರಬಹುದು.

ಜೂನ್, ಜುಲೈ ಇಂಟರ್ವಲ್‌ಗಳು ಒಂದರ ಮೇಲೊಂದು ಬಂದಿವೆ. ಅಷ್ಟರಿಂದಲೇ ವ್ಯತ್ಯಾಸ ಇಲ್ಲ ಎಂದು ತೀರ್ಮಾನಿಸುವುದು ಸರಿಯಲ್ಲ. ನೇರವಾಗಿ ಹೋಲಿಸಬೇಕು. ಎರಡು ತಿಂಗಳು ಸೇರಿ 82 ಎಣಿಕೆ, ಬಿಟ್ಟವರು 4. ಈ ನಾಲ್ಕನ್ನು 82ರಲ್ಲಿ ಸುಮ್ನೆ ಹಂಚಿದರೆ ಜೂನ್ ಪಾಲಿಗೆ 3 ಅಥವಾ ಜಾಸ್ತಿ ಬೀಳುವ ಸಾಧ್ಯತೆ 29%. ಫಿಶರ್ ಪರೀಕ್ಷೆ ಮಾಡುವುದು ಇದೇ ಲೆಕ್ಕ. ನೂರರಲ್ಲಿ 29 ಸಲ ತಾನಾಗಿಯೇ ಆಗುವುದನ್ನು ನಮ್ಮ ಬದಲಾವಣೆಯ ಫಲ ಎನ್ನಲು ಬರುವುದಿಲ್ಲ. ಹಾಗಂತ ಬದಲಾವಣೆಯಿಂದ ಏನೂ ಆಗಲಿಲ್ಲ ಎಂದೂ ಅಲ್ಲ. ಇಷ್ಟು ಜನರಿಂದ ಅದು ಗೊತ್ತಾಗುವುದಿಲ್ಲ, ಅಷ್ಟೇ.

ಹಾಗಾಗಿ ತಿಂಗಳುಗಳನ್ನು ಕೂಡಿಸುತ್ತೇನೆ. ಫೆಬ್ರವರಿಯಿಂದ ಜುಲೈವರೆಗೆ ಪ್ರತಿ ತಿಂಗಳ ಶುರುವಿನ ಸಂಖ್ಯೆಗಳ ಮೊತ್ತ 258, ಬಿಟ್ಟವರು 12. ಚರ್ನ್ 4.7%, ಇಂಟರ್ವಲ್ 2.7%ನಿಂದ 8.0%. ಇದು ಕೆಲಸಕ್ಕೆ ಬರುವಷ್ಟು ಕಿರಿದು. ಆದರೆ ಆ ಅವಧಿಯಲ್ಲಿ ಬೆಲೆ ಬದಲಾಗಿದ್ದರೆ ಕೂಡಿಸುವ ಹಾಗಿಲ್ಲ. ಹೊಸಬರು ಮೊದಲ ತಿಂಗಳುಗಳಲ್ಲೇ ಜಾಸ್ತಿ ಬಿಡುತ್ತಿದ್ದರೆ ಕೂಡಿಸಿದ ಸಂಖ್ಯೆ ಹೊಸಬರಿಗೂ ಹಳಬರಿಗೂ ಸರಿಹೊಂದುವುದಿಲ್ಲ. ಬಿಟ್ಟವರು ಸೇರಿ ಎಷ್ಟು ತಿಂಗಳಾಗಿತ್ತು ಎಂದು ಬರೆದಿಟ್ಟರೆ ಅದು ಬೇಗ ಕಣ್ಣಿಗೆ ಬೀಳುತ್ತದೆ.

ಹಣದ ತೀರ್ಮಾನಕ್ಕೆ ನಾನು ಇಂಟರ್ವಲ್‌ನ ಎರಡೂ ತುದಿಗಳನ್ನು ನೋಡುತ್ತೇನೆ. 1ನ್ನು ಚರ್ನ್‌ನಿಂದ ಭಾಗಿಸಿದರೆ ಒಬ್ಬ ಗ್ರಾಹಕ ಸರಾಸರಿ ಎಷ್ಟು ತಿಂಗಳು ಉಳಿಯುತ್ತಾನೆ ಎಂದು ಸಿಗುತ್ತದೆ. ಒಂದು ತುದಿಯಲ್ಲಿ 37 ತಿಂಗಳು, ಇನ್ನೊಂದರಲ್ಲಿ 12 ತಿಂಗಳ ಮೇಲೆ ಸ್ವಲ್ಪ. ತಿಂಗಳಿಗೆ 400 ರೂಪಾಯಿಯಂತೆ ಒಂದು ಕಡೆ ಸುಮಾರು 15,000, ಇನ್ನೊಂದು ಕಡೆ 5,000. ಹೊಸ ಗ್ರಾಹಕರನ್ನು ತರಲು ಎಷ್ಟು ಖರ್ಚು ಮಾಡಬಹುದು ಎಂಬುದನ್ನು ಸದ್ಯಕ್ಕೆ ಆ 5,000ದ ಮೇಲೆಯೇ ನಿರ್ಧರಿಸುತ್ತಿದ್ದೇನೆ.