ಎರಡು ಸೋರ್ಸ್, ಒಂದು ಲೋಡ್: ಗರಿಷ್ಠ ಪವರ್ ಲೆಕ್ಕ ಹಾಕುವ ಬಗೆ

ಮೊದಲು ಸರ್ಕ್ಯೂಟ್ ಬರೆದುಕೊಳ್ಳಿ. 12 V ಬ್ಯಾಟರಿಯಿಂದ 6 Ω ರೆಸಿಸ್ಟರ್ ಮೂಲಕ A ಎಂಬ ನೋಡ್‌ಗೆ ಒಂದು ದಾರಿ. A ಯಿಂದ ಗ್ರೌಂಡ್‌ಗೆ 3 Ω. ಗ್ರೌಂಡ್‌ನಿಂದ A ಗೆ 2 A ತುಂಬುವ ಒಂದು ಕರೆಂಟ್ ಸೋರ್ಸ್. A ಮತ್ತು ಗ್ರೌಂಡ್ ನಡುವೆ ಲೋಡ್ RL ಕೂರಬೇಕು. RL ಎಷ್ಟಿದ್ದರೆ ಅದಕ್ಕೆ ಅತಿ ಹೆಚ್ಚು ಪವರ್ ಸಿಗುತ್ತದೆ?

ಲೋಡನ್ನು ಬಿಚ್ಚಿಟ್ಟು, ಒಂದು ಸಲಕ್ಕೆ ಒಂದೇ ಸೋರ್ಸ್ ಉಳಿಸಿಕೊಂಡು A ಯ ವೋಲ್ಟೇಜ್ ನೋಡೋಣ. ಕರೆಂಟ್ ಸೋರ್ಸ್ ಆರಿಸುವುದೆಂದರೆ ಅದರ ಜಾಗವನ್ನು ಓಪನ್ ಬಿಡುವುದು. ಆಗ ಬ್ಯಾಟರಿಯಿಂದ 12 × 3/9 = 4 V. ಬ್ಯಾಟರಿ ಆರಿಸುವುದೆಂದರೆ ಅಲ್ಲಿ ತಂತಿ ಹಾಕಿ ಶಾರ್ಟ್ ಮಾಡುವುದು. ಆಗ 6 Ω, 3 Ω ಪ್ಯಾರಲಲ್ ಆಗಿ 2 Ω; 2 A × 2 Ω = 4 V. ಎರಡೂ ಸೇರಿ 8 V.

ಬ್ಯಾಟರಿಯನ್ನೂ ಓಪನ್ ಬಿಡುವುದು ಇಲ್ಲಿ ಪದೇ ಪದೇ ಆಗುವ ತಪ್ಪು. ಹಾಗೆ ಮಾಡಿದರೆ ಎರಡನೇ ಭಾಗ 6 V ಆಗಿ, ಮೊತ್ತ 10 V ಬರುತ್ತದೆ. ಉತ್ತರ ಸರಿಯೇ ಎಂದು ನೋಡ್ ಸಮೀಕರಣದಲ್ಲಿಟ್ಟು ನೋಡಿ: (V − 12)/6 + V/3 = 2. ಇದಕ್ಕೆ ಹೊಂದುವುದು 8 V ಮಾತ್ರ.

ಎರಡೂ ಸೋರ್ಸ್ ಆರಿಸಿ A ಕಡೆಯಿಂದ ನೋಡಿದರೆ ಕಾಣುವ ಥೆವೆನಿನ್ ರೆಸಿಸ್ಟೆನ್ಸ್ ಅದೇ 2 Ω. ಲೋಡ್ ಈ ರೆಸಿಸ್ಟೆನ್ಸ್‌ಗೆ ಸಮನಾದಾಗ ಅದಕ್ಕೆ ಅತಿ ಹೆಚ್ಚು ಪವರ್ ಸಿಗುತ್ತದೆ, ಆದ್ದರಿಂದ RL = 2 Ω. ಕರೆಂಟ್ 8/(2 + 2) = 2 A, ಪವರ್ 2² × 2 = 8 W. RL ಅನ್ನು 1 Ω ಗೆ ಇಳಿಸಿದರೂ 4 Ω ಗೆ ಏರಿಸಿದರೂ ಪವರ್ ಸುಮಾರು 7.1 W. ಅಂದರೆ ಶಿಖರ ಚೂಪಾಗಿಲ್ಲ. ಲೋಡ್ ತುಸು ಆಚೀಚೆಯಾದರೆ ನಷ್ಟ ಅಷ್ಟೇನಿಲ್ಲ.

ಈಗ ನಿಧಾನಿಸಬೇಕಾದ ಜಾಗ. ಈ ಲೋಡಿಗೆ ಒಂದೊಂದು ಸೋರ್ಸೂ ತಾನೊಂದೇ ಇದ್ದಾಗ 1 A ಕೊಡುತ್ತದೆ, ಅಂದರೆ 2 W. ಎರಡನ್ನೂ ಕೂಡಿಸಿ 4 W ಎಂದು ಬರೆದರೆ ನಿಜವಾದ ಪವರ್‌ನ ಅರ್ಧ ಕೈಬಿಟ್ಟಂತೆ. ಪವರ್ ಕರೆಂಟಿನ ವರ್ಗವನ್ನು ಅವಲಂಬಿಸಿದೆ. (1 + 1)² ಬಿಡಿಸಿದಾಗ ಬರುವ ನಡುವಿನ ಪದವೇ ಆ ಉಳಿದ 4 W. ಕರೆಂಟ್ ಸೋರ್ಸಿನ ದಿಕ್ಕು ತಿರುಗಿಸಿದರೆ ಇನ್ನೂ ಸ್ಪಷ್ಟ: 4 − 4 = 0 V, ಲೋಡಿಗೆ ಏನೂ ಇಲ್ಲ. ಬಿಡಿ ಪವರ್‌ಗಳ ಮೊತ್ತ ಮಾತ್ರ ಆಗಲೂ 4 W ಎಂದೇ ಹೇಳುತ್ತಿರುತ್ತದೆ. ಹಾಗಾಗಿ ವೋಲ್ಟೇಜ್, ಕರೆಂಟ್‌ಗಳನ್ನು ಚಿಹ್ನೆ ಸಮೇತ ಕೂಡಿಸಿ. ಪವರ್ ಕೊನೆಗೆ, ಒಂದೇ ಸಲ.

ಗರಿಷ್ಠ ಪವರ್ ಇದ್ದಾಗ ದಕ್ಷತೆ 50% ಎಂಬ ಮಾತು 8 V ಸೋರ್ಸ್ ಮತ್ತು 2 Ω ಮಾತ್ರ ಇರುವ ಥೆವೆನಿನ್ ಸರ್ಕ್ಯೂಟಿಗೆ ಸರಿ, ಮೂಲ ಸರ್ಕ್ಯೂಟಿಗೆ ಹಾಗೇ ಅನ್ವಯಿಸುವುದಿಲ್ಲ. ಲೋಡ್ ಹಾಕಿದಾಗ A ಯಲ್ಲಿ 4 V. ಬ್ಯಾಟರಿಯಿಂದ ಹೊರಡುವ ಕರೆಂಟ್ 8/6 A, ಪವರ್ 16 W. ಕರೆಂಟ್ ಸೋರ್ಸ್ ಕೊಡುವುದು 4 × 2 = 8 W. ಒಟ್ಟು 24 W ನಲ್ಲಿ ಲೋಡಿಗೆ ಸೇರುವುದು 8 W, ಮೂರನೇ ಒಂದು ಭಾಗ. ಉಳಿದ 16 W ಒಳಗಿನ ಎರಡು ರೆಸಿಸ್ಟರ್‌ಗಳನ್ನು ಬಿಸಿ ಮಾಡುತ್ತದೆ: 6 Ω ನಲ್ಲಿ ಸುಮಾರು 10.7 W, 3 Ω ನಲ್ಲಿ 5.3 W. ಥೆವೆನಿನ್ ಸರ್ಕ್ಯೂಟ್ ಲೋಡಿನ ಕಡೆಯ ವೋಲ್ಟೇಜ್, ಕರೆಂಟ್ ಮಾತ್ರ ಸರಿಯಾಗಿ ಹೇಳುತ್ತದೆ. ಒಳಗಿನ ರೆಸಿಸ್ಟರ್‌ಗಳು ಎಷ್ಟು ವ್ಯಾಟ್‌ನವು ಬೇಕೆಂದು ತಿಳಿಯಲು ಮೂಲ ಸರ್ಕ್ಯೂಟಿಗೇ ಮರಳಿ ಲೆಕ್ಕ ಹಾಕಬೇಕು.