ಮೀಲ್ ಮೇಕರ್ ಹಿಂಡೋದು ಕಲಿತ ಕಥೆ

ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಆದರೆ ಮಟನ್ ಸಾರಿನ ಮಸಾಲೆಯ ಆಸೆ ಹೋಗಬೇಕಲ್ಲ! ಅದಕ್ಕೇ ಒಂದು ಭಾನುವಾರ ಅದೇ ಮಸಾಲೆ ರುಬ್ಬಿ, ಪೊಟ್ಟಣದಿಂದ ಮೀಲ್ ಮೇಕರ್, ಅಂದರೆ ಒಣ ಸೋಯಾ ಉಂಡೆ ತೆಗೆದು ಕುದಿಯುವ ಸಾರಿಗೆ ಹಾಗೇ ಸುರಿದೆ. ಸಾರಲ್ಲೇ ನೆನೆಯುತ್ತೆ, ಮಸಾಲೆನೂ ಹೀರುತ್ತೆ ಅಂತ ನನ್ನ ಲೆಕ್ಕ.

ಊಟ ಮುಗಿದಾಗ ಮಗಳ ತಟ್ಟೆಯ ಅಂಚಿನಲ್ಲಿ ಹನ್ನೊಂದು ಉಂಡೆಗಳು ಸಾಲಾಗಿ ಕೂತಿದ್ದವು. ನಾನೂ ಒಂದು ಕಚ್ಚಿ ನೋಡಿದೆ. ಮೇಲೆ ಮಸಾಲೆ, ನಡುವೆ ಹಸಿ ಕಾಳಿನ ಹಿಟ್ಟಿನ ವಾಸನೆ. ಸಾರಿಗೂ ಅದೇ ವಾಸನೆ ಇಳಿದಿತ್ತು.

ಅಕ್ಕನಿಗೆ ಫೋನ್ ಮಾಡಿದೆ. ಅವಳು ಹಾಸ್ಟೆಲ್ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. "ಹಿಂಡಿದ್ಯಾ?" ಅಂದಳು. ಇಲ್ಲ ಅಂದೆ. "ಮತ್ತೆ? ಅದು ಸ್ಪಂಜು ಕಣೇ. ಮೊದಲು ಕುಡಿದ ನೀರನ್ನ ಹೊರಗೆ ಹಾಕಿಸದೆ ಮಸಾಲೆಗೆ ಜಾಗ ಎಲ್ಲಿಂದ ಬರುತ್ತೆ?"

ಆ ವಾಸನೆ ಬರುವುದು ಸೋಯಾ ಕಾಳಿನಿಂದಲೇ. ಕಾಳು ಒಡೆದಾಗ ಅದರೊಳಗಿನ ಒಂದು ಕಿಣ್ವ ಎಣ್ಣೆಯಂಶದ ಮೇಲೆ ಕೆಲಸ ಮಾಡಿ ಹಸಿ ವಾಸನೆ ಹುಟ್ಟಿಸುತ್ತದೆ. ಎಣ್ಣೆ ತೆಗೆದ ಹಿಟ್ಟಿನಿಂದ ಉಂಡೆ ಮಾಡಿದರೂ ಸ್ವಲ್ಪ ವಾಸನೆ ಹಿಟ್ಟಿಗೆ ಅಂಟಿಕೊಂಡೇ ಇರುತ್ತದೆ. ಬಿಸಿನೀರು ಅದನ್ನು ಬಿಡಿಸುತ್ತದೆ, ಆದರೆ ಬಿಡಿಸಿದ ನೀರು ಉಂಡೆಯೊಳಗೇ ಉಳಿದರೆ ಪ್ರಯೋಜನ ಇಲ್ಲ, ಅಲ್ವಾ?

ಈಗ ನಾನು ಮಾಡುವುದು ಹೀಗೆ. ನೂರು ಗ್ರಾಂ ಒಣ ಉಂಡೆಗೆ ಒಂದೂಕಾಲು ಲೀಟರ್ ನೀರು, ಒಂದು ಚಮಚ ಉಪ್ಪು. ನೀರು ಕುದಿಯಲು ಶುರುವಾದ ಮೇಲೆಯೇ ಉಂಡೆ ಹಾಕುತ್ತೇನೆ. ಎರಡು ಮೂರು ನಿಮಿಷ ಕುದಿಸಿ ಒಲೆ ಆರಿಸಿ, ಮುಚ್ಚಿ ಹತ್ತು ನಿಮಿಷ ಬಿಡುತ್ತೇನೆ. ಉಂಡೆ ಮೇಲೆ ತೇಲುತ್ತದೆ, ತೇಲಿದ ಭಾಗ ಒಣಗಿಯೇ ಉಳಿಯುತ್ತದೆ. ಅದಕ್ಕೇ ಒಳಗೆ ಒಂದು ಸಣ್ಣ ತಟ್ಟೆ ಕವುಚಿ ಹಾಕುವುದು. ಒಂದನ್ನು ಚಾಕುವಿನಲ್ಲಿ ಸೀಳಿ ನೋಡಿ: ನಡುವೆ ಗಟ್ಟಿ ಬೀಜದಂಥದ್ದು ಸಿಕ್ಕರೆ ಇನ್ನೈದು ನಿಮಿಷ ಬೇಕು. ಹಾಗಂತ ಜಾಸ್ತಿ ಕುದಿಸಲೂ ಬಾರದು. ಒಮ್ಮೆ ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿದೆ, ಹಿಂಡುವಾಗ ಬೆರಳ ಸಂದಿಯಿಂದ ಮುದ್ದೆ ಮುದ್ದೆಯಾಗಿ ಹೊರಗೆ ಬಂತು.

ಆಮೇಲೆ ಬಿಸಿನೀರು ಸೋಸಿ ಚೆಲ್ಲಿ, ಉಂಡೆಗಳನ್ನು ತಣ್ಣೀರಿಗೆ ಹಾಕಬೇಕು. ತಣ್ಣೀರಿಗೆ ಹಾಕದೆ ಸುಮ್ನೆ ಹಿಂಡೋಕೆ ಹೋಗಬೇಡಿ. ಒಳಗಿನ ಬಿಸಿನೀರು ಅಂಗೈ ಮೇಲೇ ಚಿಮ್ಮುತ್ತದೆ, ನನಗೆ ಅದರ ಅನುಭವವೂ ಆಗಿದೆ. ನಾಲ್ಕೈದು ಉಂಡೆ ಒಟ್ಟಿಗೆ ತೆಗೆದುಕೊಂಡು ಎರಡು ಅಂಗೈಗಳ ನಡುವೆ ಒತ್ತಿ. ಬಟ್ಟೆ ಹಿಂಡುವ ಹಾಗೆ ತಿರುಚಿದರೆ ಎಳೆ ಹರಿದು ಪುಡಿಯಾಗುತ್ತದೆ. ಮೊದಲ ಸಲ ಹೊರಬರುವ ನೀರು ಮಬ್ಬು ಹಳದಿ, ಮೇಲೆ ನೊರೆ. ಮೂಗಿನ ಹತ್ತಿರ ಹಿಡಿದರೆ ಆ ವಾಸನೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಮತ್ತೆ ಹೊಸ ತಣ್ಣೀರು, ಮತ್ತೆ ಒತ್ತುವುದು. ಸಾಮಾನ್ಯವಾಗಿ ಮೂರನೇ ಸಲಕ್ಕೆ ನೊರೆ ನಿಂತು ನೀರು ಹೆಚ್ಚುಕಡಿಮೆ ತಿಳಿಯಾಗುತ್ತದೆ. ಅಲ್ಲಿಗೆ ನಿಲ್ಲಿಸುತ್ತೇನೆ. ಚಿಕ್ಕ ಉಂಡೆಯಾದರೆ ಒಂದೊಂದಾಗಿ ಹಿಂಡುವುದು ಆಗದ ಕೆಲಸ, ಜರಡಿಗೆ ಹಾಕಿ ಸೌಟಿನ ಹಿಂಬದಿಯಿಂದ ಒತ್ತಿದರೆ ಸಾಕು.

ಮೊನ್ನೆ ಕುತೂಹಲಕ್ಕೆ ತೂಗಿ ನೋಡಿದೆ. ನೂರು ಗ್ರಾಂ ಒಣ ಉಂಡೆ, ಹಿಂಡುವ ಮುಂಚೆ ಸುಮಾರು ಮುನ್ನೂರು ಗ್ರಾಂ ಆಗಿತ್ತು. ಕೊನೆಯ ಸಲ ಹಿಂಡಿದ ಮೇಲೆ ಇನ್ನೂರರ ಆಸುಪಾಸು. ಆ ನೂರು ಗ್ರಾಂ ನೀರಿನ ಜಾಗವನ್ನೇ ಈಗ ಮಸಾಲೆ ತುಂಬುತ್ತದೆ.

ಹಿಂಡಿದ ತಕ್ಷಣ ಉಪ್ಪು, ಖಾರದಪುಡಿ, ಅರಿಶಿನ, ಎರಡು ಚಮಚ ಗಟ್ಟಿ ಮೊಸರು ಕಲಸಿ ಇಪ್ಪತ್ತು ನಿಮಿಷ ಇಡುತ್ತೇನೆ. ಆಮೇಲೆ ಎಣ್ಣೆಯಲ್ಲಿ ಅಂಚು ಕಂದು ಬರುವವರೆಗೆ ಹುರಿಯುವುದು. ಇದನ್ನು ಬಿಟ್ಟರೆ ಉಂಡೆ ಸಾರಿನಲ್ಲಿ ಪಿಚಿಪಿಚಿ ಅನ್ನುತ್ತದೆ, ಹುರಿದರೆ ಹಲ್ಲಿಗೆ ಸ್ವಲ್ಪ ಗಟ್ಟಿಯಾಗಿ ಸಿಗುತ್ತದೆ. ಸಾರು ಕುದಿದು ಹದಕ್ಕೆ ಬಂದ ಮೇಲೆ ಇದನ್ನು ಹಾಕಿ ಎಂಟು ಹತ್ತು ನಿಮಿಷ ಸಣ್ಣ ಉರಿಯಲ್ಲಿಟ್ಟರೆ ಆಯಿತು.

ಒಂದು ವಾಸನೆ ಮಾತ್ರ ಎಷ್ಟು ಹಿಂಡಿದರೂ ಹೋಗುವುದಿಲ್ಲ. ಬಹಳ ದಿನ ತೆರೆದಿಟ್ಟ ಪೊಟ್ಟಣದ ಒಣ ಉಂಡೆ ಮೂಸಿದರೆ ಹಳೇ ಎಣ್ಣೆಯ ಕಮಟು ಬರುತ್ತದೆ. ಅದು ಕಾಳಿನ ಹಸಿ ವಾಸನೆಯಲ್ಲ, ಕೆಟ್ಟದ್ದು. ಅಂಥದ್ದನ್ನು ನೀರಿಗೆ ಹಾಕದೆ ನೇರ ಎಸೆಯುತ್ತೇನೆ.